ಸುಲಿಯುವ ಯಂತ್ರ, ಪೇಟೆಂಟ್ ಮತ್ತು ಒಬ್ಬನೇ ಇರುವ ಕಂಪನಿ

ಪ್ರಶ್ನೆ: ಸರ್, ಶಿರಸಿ ಹತ್ತಿರ ನನ್ನದೊಂದು ಚಿಕ್ಕ ವರ್ಕ್‌ಶಾಪ್ ಇದೆ. ಹಸಿ ಅಡಿಕೆ ಸುಲಿಯುವ ಯಂತ್ರಗಳ ರಿಪೇರಿ ಮಾಡ್ತೇನೆ. ನಮ್ಮ ಸೀಮೆಯಲ್ಲಿ ಹೆಚ್ಚುಕಮ್ಮಿ ಒಂದೇ ಕಂಪನಿಯ ಯಂತ್ರ ಓಡ್ತದೆ, ವರ್ಷಗಟ್ಟಲೆ ಅದೇ ಮಾಡೆಲ್. ಅಡಿಕೆಗೆ ಪೆಟ್ಟಾಗದ ಹಾಗೆ ಸುಲಿಯುವ, ಸ್ಪ್ರಿಂಗ್ ಇರುವ ಹೊಸ ರೋಲರ್ ಒಂದನ್ನು ನಾನು ಮಾಡಿದ್ದೇನೆ. ಅಷ್ಟು ದುಡ್ಡಿರುವ ಕಂಪನಿ ಇದನ್ನು ಯಾಕೆ ಮಾಡಲಿಲ್ಲ? ನಾನು ಪೇಟೆಂಟ್‌ಗೆ ಹಾಕಿದರೆ ಅವರು ಸುಮ್ನೆ ಬಿಡ್ತಾರಾ?

ಉತ್ತರ: ಕಂಪನಿಯವರಿಗೆ ತಲೆ ಇಲ್ಲ ಅಂತಲೋ, ಸೋಮಾರಿಗಳು ಅಂತಲೋ ತಿಳಿಯಬೇಡಿ. ಅವರು ಹೊಸದನ್ನು ಮಾಡದೆ ಇರುವುದಕ್ಕೆ ಲೆಕ್ಕದಲ್ಲೇ ಕಾರಣ ಇದೆ. ನೀವು ಪೇಟೆಂಟ್‌ಗೆ ಹಾಕಿದ ದಿನ ಅದೇ ಲೆಕ್ಕ ತಿರುಗಿ ನಿಲ್ಲುತ್ತದೆ. ಇವತ್ತು ನಿಧಾನವಾಗಿ ಇರುವವರೇ ನಾಳೆ ನಿಮಗಿಂತ ಜಾಸ್ತಿ ದುಡ್ಡು ಸುರಿಯಲು ತಯಾರಾಗುತ್ತಾರೆ. ಇದನ್ನು ಒಂದು ಲೆಕ್ಕ ಹಾಕಿಯೇ ನೋಡೋಣ. ಅಂಕಿಗಳು ನಾನು ಇಟ್ಟುಕೊಂಡವು, ಸುಲಭವಾಗಲಿ ಅಂತ ದುಂಡಗೆ ಮಾಡಿದ್ದೇನೆ. ನಿಮ್ಮ ಊರಿನ ದರ ಬೇರೆ ಇರಬಹುದು, ಅದರಿಂದ ವಾದ ಬದಲಾಗುವುದಿಲ್ಲ.

ಒಂದು ಸಣ್ಣ ಸೀಮೆ ಅಂದುಕೊಳ್ಳಿ. ಯಂತ್ರವನ್ನು ಮನೆ ಅಂಗಳಕ್ಕೆ ತಂದು ಸುಲಿದು ಕೊಡುತ್ತಾರೆ, ಕ್ವಿಂಟಲ್‌ಗೆ ಇಷ್ಟು ಅಂತ ತೆಗೆದುಕೊಳ್ಳುತ್ತಾರೆ. ಸುಲಿಯುವವನಿಗೆ ಡೀಸೆಲ್, ಆಳು, ಸಾಗಾಟ, ಪೆಟ್ಟಾದ ಅಡಿಕೆಯ ನಷ್ಟ ಎಲ್ಲ ಸೇರಿ ಕ್ವಿಂಟಲ್‌ಗೆ 600 ರೂಪಾಯಿ ಖರ್ಚು. ದರ 1000 ರೂಪಾಯಿ ಮುಟ್ಟಿದರೆ ಯಾರೂ ಯಂತ್ರ ಕರೆಯುವುದಿಲ್ಲ, ಎಲ್ಲರೂ ಮೆಟ್ಟುಗತ್ತಿ ಹಿಡಿದು ಕೂರುತ್ತಾರೆ. ಅಲ್ಲಿಂದ ದರ ಒಂದೊಂದು ರೂಪಾಯಿ ಇಳಿದ ಹಾಗೆ ಕೊಯಿಲಿನಲ್ಲಿ ಒಂದೊಂದು ಕ್ವಿಂಟಲ್ ಕೆಲಸ ಹೆಚ್ಚುತ್ತದೆ. 800ಕ್ಕೆ 200 ಕ್ವಿಂಟಲ್, 600ಕ್ಕೆ 400 ಕ್ವಿಂಟಲ್.

ಈ ಸೀಮೆಯಲ್ಲಿ ಕಂಪನಿ ಒಂದೇ ಇದ್ದರೆ ದರ ಎಷ್ಟು ಇಡುತ್ತದೆ? 800. ಆಗ ಕ್ವಿಂಟಲ್‌ಗೆ 200 ಉಳಿಯುತ್ತದೆ, 200 ಕ್ವಿಂಟಲ್‌ಗೆ 40,000 ರೂಪಾಯಿ ಲಾಭ. 750 ಇಟ್ಟು ನೋಡಿ, 850 ಇಟ್ಟು ನೋಡಿ, ಎರಡರಲ್ಲೂ ಲಾಭ 37,500ಕ್ಕೆ ಇಳಿಯುತ್ತದೆ.

ಈಗ ನಿಮ್ಮ ರೋಲರ್ ಬಂತು. ಅಡಿಕೆಗೆ ಪೆಟ್ಟಾಗುವುದಿಲ್ಲ, ಸುಲಿದ ಮೇಲೆ ಕೂತು ಆರಿಸುವ ಕೆಲಸವೂ ಕಡಿಮೆ. ಖರ್ಚು 600ರಿಂದ 400ಕ್ಕೆ ಇಳಿಯಿತು ಅನ್ನೋಣ. ಇದನ್ನು ಕಂಪನಿಯೇ ಕಂಡುಹಿಡಿದಿದ್ದರೆ ಅದಕ್ಕೆ ಏನು ಸಿಗುತ್ತಿತ್ತು? 400 ಖರ್ಚಿಗೆ ಹೆಚ್ಚು ಲಾಭ ಕೊಡುವ ದರ 700. ಕೆಲಸ 300 ಕ್ವಿಂಟಲ್, ಲಾಭ 90,000. ನೋಡಲು ದೊಡ್ಡ ಮೊತ್ತ. ಆದರೆ ಅದರಲ್ಲಿ 40,000 ಹೊಸದಲ್ಲ, ಹಳೆ ಯಂತ್ರದಲ್ಲೇ ಬರುತ್ತಿತ್ತು. ಸಂಶೋಧನೆಯಿಂದ ನಿಜವಾಗಿ ಸೇರಿದ್ದು ಕೊಯಿಲಿಗೆ 50,000 ಮಾತ್ರ.

ಅದೇ ಸೀಮೆಯಲ್ಲಿ ಒಂದೇ ಕಂಪನಿಯ ಬದಲು ನಿಮ್ಮಂಥ ಹತ್ತು ವರ್ಕ್‌ಶಾಪ್‌ನವರು ಹಳೆ ಯಂತ್ರ ಓಡಿಸುತ್ತಿದ್ದರೆ ಕಥೆ ಬೇರೆ. ಒಬ್ಬರ ಮೇಲೊಬ್ಬರು ಬಿದ್ದು ದರ 600ಕ್ಕೆ ಇಳಿದಿರುತ್ತದೆ, ಯಾರಿಗೂ ಖರ್ಚಿನ ಮೇಲೆ ಏನೂ ಉಳಿಯುವುದಿಲ್ಲ. ಅವರಲ್ಲಿ ಒಬ್ಬರಿಗೆ ಹೊಸ ರೋಲರ್‌ನ ಪೇಟೆಂಟ್ ಸಿಕ್ಕಿತು. ಅವರು 700 ಕೇಳುವ ಹಾಗಿಲ್ಲ, ಉಳಿದ ಒಂಬತ್ತು ಜನ 600ಕ್ಕೆ ಮಾಡಿಕೊಡುತ್ತಾರೆ. ಹಾಗಾಗಿ 600ಕ್ಕೆ ಒಂದು ರೂಪಾಯಿ ಕಡಿಮೆ ಹೇಳಿ ಪೂರ್ತಿ 400 ಕ್ವಿಂಟಲ್ ಕೆಲಸ ಹಿಡಿಯುತ್ತಾರೆ. ಕ್ವಿಂಟಲ್‌ಗೆ ಸುಮಾರು 200 ಉಳಿದರೆ ಲಾಭ 80,000. ಮೊದಲು ಇದ್ದದ್ದು ಸೊನ್ನೆ. ಅಂದರೆ ಪೂರ್ತಿ 80,000 ಹೊಸ ಗಳಿಕೆ.

ಒಂದೇ ರೋಲರ್. ಒಬ್ಬನೇ ಇರುವವನಿಗೆ ಅದರ ಬೆಲೆ 50,000, ಪೈಪೋಟಿಯಲ್ಲಿ ಇರುವವನಿಗೆ 80,000. ಸಂಶೋಧನೆಗೆ ಕೊಯಿಲಿನ ಲೆಕ್ಕದಲ್ಲಿ 60,000 ತಗಲುತ್ತದೆ ಅಂದರೆ ಮೊದಲಿನವನು ಕೈಬಿಡುತ್ತಾನೆ, ಎರಡನೆಯವನು ಕೈಹಾಕುತ್ತಾನೆ. ಅಮೆರಿಕದ ಅರ್ಥಶಾಸ್ತ್ರಜ್ಞ ಕೆನೆತ್ ಆ್ಯರೋ 1962ರಲ್ಲಿ ತೋರಿಸಿಕೊಟ್ಟದ್ದು ಇದನ್ನೇ. ಒಬ್ಬನೇ ಇರುವ ಕಂಪನಿ ಹೊಸದನ್ನು ತಂದರೆ ತನ್ನದೇ ಹಳೆ ಲಾಭವನ್ನು ಹೊರಗೆ ಹಾಕಿ ಆ ಜಾಗದಲ್ಲಿ ಹೊಸ ಲಾಭ ಕೂರಿಸುತ್ತದೆ. ಹೊರಗಿನವನಿಗೆ ಹೊರಗೆ ಹಾಕಲು ಏನೂ ಇಲ್ಲ. ನಿಮ್ಮ ಮೊದಲ ಪ್ರಶ್ನೆಗೆ ಇದು ಉತ್ತರ. ಮಾಡೆಲ್ ಹಳೆಯದಾಗಿದ್ದರೂ ದುಡ್ಡು ತರುತ್ತಿದೆ, ಅದನ್ನು ಬದಲಿಸಿ ಸಿಗುವ ಹೆಚ್ಚುವರಿ ಅವರಿಗೆ ಕಡಿಮೆ.

ಆದರೆ ಈ ಲೆಕ್ಕದ ಒಳಗೆ ಒಂದು ಶರತ್ತು ಅಡಗಿದೆ. ಕಂಪನಿ ಮಾಡದಿದ್ದರೆ ಬೇರೆ ಯಾರೂ ಮಾಡುವುದಿಲ್ಲ ಅಂತ ನಾವು ಅಂದುಕೊಂಡೆವು. ಹಾಗಿದ್ದಾಗ ಮಾತ್ರ ಹಳೆ 40,000 ಭದ್ರವಾಗಿ ಇರುತ್ತದೆ. ನೀವು ಅರ್ಜಿ ಹಾಕಿದಿರಿ ಅಂತ ಗೊತ್ತಾದರೆ ಆ ಭದ್ರತೆ ಹೋಯಿತು, ಅಲ್ವಾ?

ಹೊಸ ಸ್ಥಿತಿಯಲ್ಲಿ ಲೆಕ್ಕ ಹಾಕಿ. ಪೇಟೆಂಟ್ ನಿಮಗೆ ಸಿಕ್ಕಿದರೆ ನಿಮ್ಮ ಖರ್ಚು 400, ಕಂಪನಿಯದು 600. ನೀವು 600ರ ಒಳಗೆ ದರ ಹೇಳಿ ಎಲ್ಲ ಕೆಲಸ ಹಿಡಿಯುತ್ತೀರಿ. ನಿಮಗೆ 80,000, ಕಂಪನಿಗೆ ಸೊನ್ನೆ. ಪೇಟೆಂಟ್ ಕಂಪನಿಗೆ ಸಿಕ್ಕಿದರೆ ಅದು ಒಂದೇ ಆಗಿ ಮುಂದುವರಿದು 700 ದರ ಇಟ್ಟು 90,000 ಮಾಡಿಕೊಳ್ಳುತ್ತದೆ. ಹಾಗಾದರೆ ಗೆಲುವಿಗೆ ಕಂಪನಿ ಕಟ್ಟುವ ಬೆಲೆ 50,000 ಅಲ್ಲ, 90,000. ಗೆದ್ದರೆ ಅಷ್ಟು, ಸೋತರೆ ಏನೂ ಇಲ್ಲ. ನೀವು ಕಟ್ಟುವ ಬೆಲೆ 80,000. ಪೇಟೆಂಟನ್ನು ಹರಾಜಿಗೆ ಇಟ್ಟರೆ ಕಂಪನಿಯೇ ಗೆಲ್ಲುತ್ತದೆ.

ಇದು ಅರ್ಥಶಾಸ್ತ್ರಜ್ಞರಾದ ರಿಚರ್ಡ್ ಗಿಲ್ಬರ್ಟ್ ಮತ್ತು ಡೇವಿಡ್ ನ್ಯೂಬೆರಿ 1982ರಲ್ಲಿ ಮುಂದಿಟ್ಟ ವಾದ. ಒಳಗಿನ ಕಾರಣ ಸರಳ. ಒಬ್ಬನೇ ಇದ್ದರೆ ಬರುವ ಲಾಭ, ಇಬ್ಬರು ಹೊಡೆದಾಡಿದಾಗ ಇಬ್ಬರಿಗೂ ಸೇರಿ ಬರುವ ಲಾಭಕ್ಕಿಂತ ಜಾಸ್ತಿ. ನಮ್ಮ ಲೆಕ್ಕದಲ್ಲಿ 90,000ಕ್ಕೆ ಎದುರು 80,000. ನಡುವಿನ 10,000 ಇಬ್ಬರ ಪೈಪೋಟಿಯಲ್ಲಿ ಕಂಪನಿಯಿಂದಲೂ ಹೋಗುತ್ತದೆ, ನಿಮಗೂ ಬರುವುದಿಲ್ಲ. ದರ 700ರ ಬದಲು 600 ಆದಾಗ ಅದು ಬೆಳೆಗಾರರ ಪಾಲಾಗುತ್ತದೆ. ಕಂಪನಿ ನಿಮ್ಮನ್ನು ದೂರ ಇಡಲು ಜಾಸ್ತಿ ಕೊಡಲು ತಯಾರಿರುವುದು ಈ ಮೊತ್ತವನ್ನು ಉಳಿಸಿಕೊಳ್ಳಲು.

ಇಲ್ಲಿಂದ ಒಂದು ಬೇಸರದ ವಿಷಯವೂ ಹೊರಡುತ್ತದೆ. ಕಂಪನಿ ನಿಮ್ಮ ರೋಲರ್ ಕೊಂಡುಕೊಂಡು ಯಂತ್ರಕ್ಕೆ ಹಾಕಲೇಬೇಕು ಅಂತಿಲ್ಲ. ನಿಮ್ಮ ರೋಲರ್ ಅಷ್ಟೇನೂ ಉತ್ತಮವಲ್ಲ, ಹಳೆಯದಕ್ಕೆ ಸರಿಸಮ ಅಷ್ಟೇ ಅಂತ ಇಟ್ಟುಕೊಳ್ಳಿ. ಬಳಸಿದರೆ ಕಂಪನಿಗೆ ಒಂದು ರೂಪಾಯಿಯೂ ಹೆಚ್ಚಿಗೆ ಬರುವುದಿಲ್ಲ. ಆದರೂ ಅದು ನಿಮ್ಮ ಕೈಯಲ್ಲಿದ್ದರೆ ಸೀಮೆಯಲ್ಲಿ ಇಬ್ಬರಾಗುತ್ತಾರೆ, ದರ ಇಳಿಯುತ್ತದೆ, 40,000 ಕರಗುತ್ತದೆ. ಹಾಗಾಗಿ ಬಳಸದೆ ಬೀರುವಿನಲ್ಲಿ ಇಡುವುದಕ್ಕೂ ಅದನ್ನು ಕೊಳ್ಳುವುದು ಲಾಭವೇ. ಮಲಗಿಸಿಟ್ಟ ಪೇಟೆಂಟ್‌ಗಳು ಹುಟ್ಟುವ ಒಂದು ದಾರಿ ಇದು.

ಹಾಗಾದರೆ ಆ್ಯರೋ ಹೇಳಿದ್ದು ಸರಿಯೋ, ಗಿಲ್ಬರ್ಟ್ ಮತ್ತು ನ್ಯೂಬೆರಿ ಹೇಳಿದ್ದು ಸರಿಯೋ? ನನ್ನ ಮಟ್ಟಿಗೆ ನಿರ್ಧಾರ ಆಗುವುದು ಎರಡು ವಿಷಯದ ಮೇಲೆ. ಹೊಸದು ಹಳೆಯದನ್ನು ಎಷ್ಟರ ಮಟ್ಟಿಗೆ ಮೂಲೆಗೆ ತಳ್ಳುತ್ತದೆ ಅನ್ನುವುದು ಒಂದು. ಅದು ಯಾವಾಗ ಕೈಗೆ ಬರುತ್ತದೆ ಅಂತ ಮೊದಲೇ ಗೊತ್ತಿದೆಯಾ ಅನ್ನುವುದು ಇನ್ನೊಂದು.

ಖರ್ಚು 400ಕ್ಕೆ ಅಲ್ಲ, 100ಕ್ಕೆ ಇಳಿಸುವ ಯಂತ್ರ ಅಂದುಕೊಳ್ಳಿ. ಆಗ ಒಬ್ಬನೇ ಇದ್ದರೂ ಹೆಚ್ಚು ಲಾಭ ಕೊಡುವ ದರ 550. ಅದು ಹಳೆ ಯಂತ್ರದ 600 ಖರ್ಚಿಗಿಂತ ಕೆಳಗೆ. ಹಳೆಯದು ತಾನಾಗಿ ಮನೆಗೆ ಹೋಗುತ್ತದೆ, ತಡೆಯಲು ಯಾರೂ ಇರುವುದಿಲ್ಲ. ಪೇಟೆಂಟ್ ನಿಮ್ಮದಾದರೂ ಲಾಭ 2,02,500, ಕಂಪನಿಯದಾದರೂ ಅಷ್ಟೇ. ಕಂಪನಿ ನಿಮಗಿಂತ ಜಾಸ್ತಿ ಕೊಡಲು ಇದ್ದ ಕಾರಣ ಇಲ್ಲಿ ಇಲ್ಲ.

ಈಗ ಸಮಯ ಸೇರಿಸಿ. ಸಂಶೋಧನೆ ಹರಾಜಿನ ಹಾಗೆ ನಡೆಯುವುದಿಲ್ಲ. ದುಡ್ಡು ಹಾಕಿದರೆ ಈ ಕೊಯಿಲಿಗೇ ಯಂತ್ರ ಬರುತ್ತದೆ ಅಂತ ಯಾರೂ ಹೇಳಲಾರರು. ಹಸಿ ಅಡಿಕೆ ಒಂದೊಂದು ಒಂದೊಂದು ಗಾತ್ರ, ಸಿಪ್ಪೆಯ ಬಿಗಿ ಬೇರೆ ಬೇರೆ, ಕೊಯ್ದು ಎರಡು ದಿನ ಇಟ್ಟರೆ ಇನ್ನೊಂದು ಥರ. ರೋಲರ್ ನಡುವಿನ ಸಂದು ಬಿಗಿ ಮಾಡಿದರೆ ದಪ್ಪ ಅಡಿಕೆಗೆ ಪೆಟ್ಟು, ಸಡಿಲ ಬಿಟ್ಟರೆ ಸಣ್ಣದು ಸಿಪ್ಪೆ ಸಮೇತ ಆಚೆ. ಇದನ್ನು ನನಗಿಂತ ಚೆನ್ನಾಗಿ ನೀವು ಬಲ್ಲಿರಿ. ಹೆಚ್ಚು ದುಡ್ಡು ಹಾಕಿದರೆ ಬೇಗ ಸಿಗುವ ಸಂಭವ ಹೆಚ್ಚುತ್ತದೆ, ಅಷ್ಟೇ. ಹಾಗೆ ಹುಡುಕುವ ಪ್ರತಿ ಕೊಯಿಲಿನಲ್ಲೂ ಕಂಪನಿಗೆ ಹಳೆ 40,000 ಬರುತ್ತಾ ಇರುತ್ತದೆ, ನಿಮಗೆ ಏನೂ ಇಲ್ಲ. ತಾನೇ ಬೇಗ ಕಂಡುಹಿಡಿದರೆ ಆ 40,000ಕ್ಕೆ ತಾನೇ ಬೇಗ ಕೊನೆ ಹಾಕಿದ ಹಾಗೆ. ಹಾಗಾಗಿ ಓಟದಲ್ಲಿ ಕಂಪನಿಯ ಕಾಲು ನಿಧಾನ, ನಿಮ್ಮ ಕಾಲು ಚುರುಕು. ಅರ್ಥಶಾಸ್ತ್ರಜ್ಞೆ ಜೆನಿಫರ್ ರೀಂಗನಮ್ 1983ರಲ್ಲಿ ಇದನ್ನು ಲೆಕ್ಕ ಹಾಕಿ ತೋರಿಸಿದರು. ಸಣ್ಣ ಸುಧಾರಣೆ, ಫಲ ಖಚಿತ ಅಂದರೆ ಇರುವವನು ಗೆಲ್ಲುವ ಸಂಭವ ಜಾಸ್ತಿ. ದೊಡ್ಡ ಜಿಗಿತ, ಫಲ ಅನಿಶ್ಚಿತ ಅಂದರೆ ಹೊರಗಿನವನದ್ದು ಜಾಸ್ತಿ.

ಕೊಡಕ್ ಕಂಪನಿಯ ಕಥೆಯನ್ನು ಈ ಕಣ್ಣಿನಿಂದ ನೋಡಿ. 1975ರಲ್ಲಿ ಅಲ್ಲಿನ ಎಂಜಿನಿಯರ್ ಸ್ಟೀವನ್ ಸ್ಯಾಸನ್ ಡಿಜಿಟಲ್ ಕ್ಯಾಮೆರಾ ಕಟ್ಟಿದರು. ಒಂದು ಕಪ್ಪುಬಿಳುಪು ಚಿತ್ರ ಕ್ಯಾಸೆಟ್ಟಿಗೆ ಇಳಿಯಲು 23 ಸೆಕೆಂಡ್ ಬೇಕಿತ್ತು. 1978ರಲ್ಲಿ ಅದಕ್ಕೆ ಅಮೆರಿಕದ ಪೇಟೆಂಟ್ ಬಂತು. ಕೊಡಕ್‌ಗೆ ಬುದ್ಧಿ, ದುಡ್ಡು, ಪೇಟೆಂಟ್ ಮೂರೂ ಇತ್ತು. ಜೊತೆಗೆ ಫಿಲ್ಮ್ ಮಾರಾಟದ ದೊಡ್ಡ ಲಾಭವೂ ಇತ್ತು. ಮಾರಿದ ಒಂದೊಂದು ಡಿಜಿಟಲ್ ಕ್ಯಾಮೆರಾವೂ ಅದರದ್ದೇ ಫಿಲ್ಮ್ ಗಿರಾಕಿಯನ್ನು ತಿನ್ನುತ್ತಿತ್ತು. ಕಳೆದುಕೊಳ್ಳಲು ಫಿಲ್ಮ್ ಇಲ್ಲದ ಕಂಪನಿಗಳು ಓಡಿದವು. 2012ರ ಜನವರಿಯಲ್ಲಿ ಕೊಡಕ್ ದಿವಾಳಿ ಅರ್ಜಿ ಹಾಕಿತು. ಪೇಟೆಂಟ್ ಕೈಯಲ್ಲಿದ್ದರೂ ಓಡುವ ಮನಸ್ಸು ಬರುವುದಿಲ್ಲ ಅನ್ನುವುದಕ್ಕೆ ಇದಕ್ಕಿಂತ ಸ್ಪಷ್ಟ ಉದಾಹರಣೆ ನನಗೆ ಗೊತ್ತಿಲ್ಲ.

ನಿಮ್ಮ ರೋಲರ್ ಯಾವ ಜಾತಿಯದು? ಇರುವ ಯಂತ್ರಕ್ಕೇ ಕೂರಿಸುವ ಭಾಗ, ಖರ್ಚನ್ನು ಸ್ವಲ್ಪ ಇಳಿಸುತ್ತದೆ, ಹಳೆ ಯಂತ್ರ ನಾಳೆಯೂ ಓಡುತ್ತದೆ. ನೀವು ಬರೆದದ್ದನ್ನು ನೋಡಿದರೆ ಇದು ಸಣ್ಣ ಸುಧಾರಣೆಯ ಕಡೆಯದು. ಅದೂ ಆಗಲೇ ಕೈಯಲ್ಲಿ ಇರುವಂಥದ್ದು, ಅನಿಶ್ಚಿತತೆ ಮುಗಿದಿದೆ. ಹಾಗಾಗಿ ನಿಮ್ಮ ಎರಡನೇ ಪ್ರಶ್ನೆಗೆ ಉತ್ತರ: ಸುಮ್ನೆ ಬಿಡುವುದಿಲ್ಲ. ಕೊಳ್ಳಲು ಬರಬಹುದು, ಅರ್ಜಿಗೆ ಆಕ್ಷೇಪ ಹಾಕಬಹುದು, ಅಥವಾ ನಿಮ್ಮ ರೋಲರಿನ ಸುತ್ತ ತಮ್ಮವೇ ಅರ್ಜಿಗಳನ್ನು ಹಾಕಿ ಬೇಲಿ ಕಟ್ಟಬಹುದು.

ಹಾಗಾಗಿ ಮೊದಲ ಮಾತು, ಅರ್ಜಿ ಹಾಕುವ ಮೊದಲು ಯಂತ್ರವನ್ನು ಮೇಳದಲ್ಲಿ ಇಡಬೇಡಿ, ವಿಡಿಯೊ ಮಾಡಿ ಹಂಚಬೇಡಿ. ಮೊದಲೇ ಬಹಿರಂಗವಾದದ್ದು ಹೊಸದಲ್ಲ ಅಂತ ಅರ್ಜಿ ಬಿದ್ದುಹೋಗುತ್ತದೆ. ಕೇಂದ್ರ ಸರ್ಕಾರ ಅಧಿಸೂಚನೆ ಹೊರಡಿಸಿದ ಪ್ರದರ್ಶನಗಳಿಗೆ, ಸಾರ್ವಜನಿಕವಾಗಿ ಮಾಡಲೇಬೇಕಾದ ಪರೀಕ್ಷೆಗೆ ಕಾಯ್ದೆಯಲ್ಲಿ ಸಣ್ಣ ವಿನಾಯಿತಿ ಇದೆ. ಅದನ್ನು ನಂಬಿ ಕೂರಬೇಡಿ. ಪೂರ್ತಿ ವಿವರ ತಯಾರಿಲ್ಲದಿದ್ದರೆ ತಾತ್ಕಾಲಿಕ ವಿವರಣೆ ಹಾಕಿ ದಿನಾಂಕ ಹಿಡಿದುಕೊಳ್ಳಿ. ಪೂರ್ತಿ ವಿವರಣೆಗೆ 12 ತಿಂಗಳು ಸಮಯ ಇರುತ್ತದೆ. ಕರ್ನಾಟಕದ ಅರ್ಜಿಗಳನ್ನು ನೋಡುವುದು ಚೆನ್ನೈ ಪೇಟೆಂಟ್ ಕಚೇರಿ, ಆನ್‌ಲೈನ್‌ನಲ್ಲೇ ಹಾಕಬಹುದು.

ಎರಡನೆಯದು, ನಮ್ಮ ಪೇಟೆಂಟ್ ಕಾಯ್ದೆಯ ಸೆಕ್ಷನ್ 3(ಎಫ್). ಗೊತ್ತಿರುವ ಭಾಗಗಳನ್ನು ಸುಮ್ಮನೆ ಬೇರೆ ರೀತಿ ಜೋಡಿಸಿ, ಅವು ಮೊದಲಿನ ಹಾಗೆ ತಮ್ಮ ಪಾಡಿಗೆ ತಾವು ಕೆಲಸ ಮಾಡಿದರೆ ಅದು ಆವಿಷ್ಕಾರ ಅಲ್ಲ. ಆಕ್ಷೇಪ ಹಾಕುವವರು ಮೊದಲು ಹಿಡಿಯುವುದೇ ಇದನ್ನು. ಅರ್ಜಿ ಪ್ರಕಟವಾದ ಮೇಲೆ ಪೇಟೆಂಟ್ ಕೊಡುವ ಮೊದಲು ಯಾರು ಬೇಕಾದರೂ ಆಕ್ಷೇಪಿಸಬಹುದು. ಆದ್ದರಿಂದ ರೋಲರ್ ಮತ್ತು ಸ್ಪ್ರಿಂಗ್ ಸೇರಿ ಹೊಸದಾಗಿ ಏನು ಮಾಡುತ್ತವೆ, ಒಂದು ಇಲ್ಲದಿದ್ದರೆ ಇನ್ನೊಂದು ಯಾಕೆ ಸೋಲುತ್ತದೆ ಅನ್ನುವುದನ್ನು ಅಳತೆ ಸಮೇತ ಬರೆಸಿ. ಪೇಟೆಂಟ್ ಕೇಳುವ ಅಂಶಗಳನ್ನು ನಿಮ್ಮ ಒಂದು ಮಾಡೆಲ್‌ಗೆ ಮಾತ್ರ ಕಟ್ಟಿಹಾಕಬೇಡಿ. ಸ್ಪ್ರಿಂಗ್ ಜಾಗದಲ್ಲಿ ರಬ್ಬರ್ ಹಾಕಿ ಇನ್ನೊಬ್ಬರು ತಪ್ಪಿಸಿಕೊಳ್ಳುವ ಹಾಗಿದ್ದರೆ ಪೇಟೆಂಟ್ ಇದ್ದೂ ಇಲ್ಲದ ಹಾಗೆ. ಒಳ್ಳೆಯ ಪೇಟೆಂಟ್ ಏಜೆಂಟ್‌ಗೆ ಕೊಡುವ ದುಡ್ಡು ಇಲ್ಲಿಗೇ ಬೇಕಾಗುವುದು.

ಕಂಪನಿ ಯಾವ ಆಟ ಆಡುತ್ತಿದೆ ಅಂತ ಹೊರಗಿನಿಂದ ತಿಳಿಯಬಹುದು. ಪೇಟೆಂಟ್ ಕಚೇರಿಯ InPASS ಹುಡುಕಾಟದಲ್ಲಿ ಅವರ ಹೆಸರು ಹಾಕಿ ನೋಡಿ. ಮಾರುವ ಯಂತ್ರದಲ್ಲಿ ಇರುವ ಭಾಗಗಳಿಗೆ ಪೇಟೆಂಟ್ ಇದ್ದರೆ ಅದು ಸಹಜ. ಯಂತ್ರದಲ್ಲಿ ಎಲ್ಲೂ ಇಲ್ಲದ, ಒಂದೇ ಕೆಲಸವನ್ನು ಬೇರೆ ಬೇರೆ ರೀತಿ ಮಾಡುವ ಭಾಗಗಳಿಗೆ ಸಾಲಾಗಿ ಪೇಟೆಂಟ್ ಇದ್ದು, ಅವಕ್ಕೆ ವರ್ಷ ವರ್ಷ ನವೀಕರಣ ಶುಲ್ಕವನ್ನೂ ಕಟ್ಟುತ್ತಿದ್ದರೆ ಅದು ಬೇಲಿ. ಪೇಟೆಂಟ್ ಇರುವವರು ಅದನ್ನು ದೇಶದಲ್ಲಿ ಬಳಸುತ್ತಿದ್ದಾರೋ ಇಲ್ಲವೋ ಅಂತ ಫಾರ್ಮ್ 27ರಲ್ಲಿ ಹೇಳಬೇಕು. ಪೇಟೆಂಟ್ ಸಿಕ್ಕು ಮೂರು ವರ್ಷವಾದರೂ ಇಲ್ಲಿ ಬಳಕೆಯಾಗದಿದ್ದರೆ, ಜನರಿಗೆ ಸಾಕಷ್ಟು ಸಿಗದಿದ್ದರೆ, ಅಥವಾ ಕೈಗೆಟುಕುವ ಬೆಲೆಗೆ ಸಿಗದಿದ್ದರೆ ಕಡ್ಡಾಯ ಪರವಾನಗಿ ಕೇಳಲು ಸೆಕ್ಷನ್ 84 ಅವಕಾಶ ಕೊಡುತ್ತದೆ. 2012ರಲ್ಲಿ ಒಂದು ಕ್ಯಾನ್ಸರ್ ಔಷಧಕ್ಕೆ ಹೀಗೆ ನ್ಯಾಟ್ಕೊ ಕಂಪನಿಗೆ ಪರವಾನಗಿ ಸಿಕ್ಕಿತ್ತು. ತಿಂಗಳಿಗೆ ಸುಮಾರು 2.8 ಲಕ್ಷ ಇದ್ದ ಬೆಲೆ 8,800ಕ್ಕೆ ಇಳಿಯಿತು. ಆದರೆ ಅದು ಅಪರೂಪದ ಪ್ರಕರಣ. ಸುಲಿಯುವ ಯಂತ್ರದ ಬಿಡಿಭಾಗಕ್ಕೆ ಆ ದಾರಿ ಹಿಡಿದರೆ ಖರ್ಚು ಲಾಭವನ್ನು ಮೀರುತ್ತದೆ ಅಂತ ನನ್ನ ಅಂದಾಜು.

ಕಂಪನಿ ಕೊಳ್ಳಲು ಬಂದರೆ 80,000ಕ್ಕಿಂತ ಕೆಳಗೆ ಒಪ್ಪಬೇಡಿ ಅಂತ ನಮ್ಮ ಲೆಕ್ಕ ಹೇಳುತ್ತದೆ. 90,000ದ ತನಕ ಅವರಿಗೆ ಕೊಡಲು ಕಾರಣ ಇದೆ. ಇವು ಒಂದು ಕೊಯಿಲಿನ ಮೊತ್ತ, ಪೇಟೆಂಟ್ ಅವಧಿ ಅರ್ಜಿ ಹಾಕಿದ ದಿನದಿಂದ 20 ವರ್ಷ ಅನ್ನುವುದನ್ನು ಮರೆಯಬೇಡಿ. ಚೌಕಾಸಿಯಲ್ಲಿ ಅವರು ನಿಮ್ಮ ಮುಂದೆ 50,000ದ ಲೆಕ್ಕ ಇಡುತ್ತಾರೆ. "ನಮಗೆ ಇದರಿಂದ ಹೆಚ್ಚು ಸಿಗುವುದು ಇಷ್ಟೇ" ಅನ್ನುತ್ತಾರೆ. ಅದು ನೀವು ಇಲ್ಲದಿದ್ದಾಗಿನ ಲೆಕ್ಕ. ನೀವೇ ಯಂತ್ರ ಓಡಿಸಬಲ್ಲಿರಿ ಅಂತ ಅವರಿಗೆ ನಂಬಿಕೆ ಬಂದರೆ ಮಾತ್ರ ಲೆಕ್ಕ 90,000ಕ್ಕೆ ಏರುವುದು. ಹಾಗಾಗಿ ಅರ್ಜಿ ಹಾಕಿದ ಮೇಲೆ ಎರಡು ಯಂತ್ರವನ್ನಾದರೂ ಕೊಯಿಲಿನಲ್ಲಿ ಓಡಿಸಿ ತೋರಿಸಿ.

ಕೊಳ್ಳುವವರು ಕಂಪನಿ ಒಂದೇ ಅಲ್ಲ ಅನ್ನುವುದನ್ನೂ ಯೋಚಿಸಿ. ಶಿರಸಿಯಲ್ಲಿ ಅಡಿಕೆ ಬೆಳೆಗಾರರ ಸಹಕಾರಿ ಸಂಘಗಳಿಗೆ ದೊಡ್ಡ ಪರಂಪರೆ ಇದೆ. ಸಂಘದ ಲೆಕ್ಕ ಕಂಪನಿಯ ಲೆಕ್ಕದಂತೆ ಅಲ್ಲ, ಅಲ್ಲಿ ಯಂತ್ರದ ಯಜಮಾನರೂ ಗಿರಾಕಿಗಳೂ ಅವರೇ. ಪೇಟೆಂಟ್ ಕಂಪನಿಯ ಪಾಲಾದರೆ ದರ 700. ಆಗ 300 ಕ್ವಿಂಟಲ್ ಸುಲಿಸುವ ಬೆಳೆಗಾರರಿಗೆ, ಅವರು ಕೊಡಲು ತಯಾರಿದ್ದದ್ದಕ್ಕೂ ಕೊಟ್ಟದ್ದಕ್ಕೂ ನಡುವೆ ಒಟ್ಟು 45,000 ಉಳಿಯುತ್ತದೆ. ಸಂಘದ ಕೈಗೆ ಬಂದು ಖರ್ಚಿನ ದರ 400ಕ್ಕೇ ಸುಲಿದುಕೊಟ್ಟರೆ 600 ಕ್ವಿಂಟಲ್ ಬರುತ್ತದೆ, ಉಳಿತಾಯ 1,80,000. ವ್ಯತ್ಯಾಸ 1,35,000. ಕಂಪನಿ ಕೊಡಬಲ್ಲ 90,000ಕ್ಕಿಂತ ಇದು ಜಾಸ್ತಿ. ಒಬ್ಬನೇ ಇರುವ ಕಂಪನಿಯನ್ನು ಹರಾಜಿನಲ್ಲಿ ಸೋಲಿಸಬಲ್ಲವರು ಈ ಸೀಮೆಯಲ್ಲಿ ಬೆಳೆಗಾರರೇ.

ತೊಡಕು ಇರುವುದು ದುಡ್ಡು ಕೂಡಿಸುವಲ್ಲಿ. ಉಳಿತಾಯ ನೂರಾರು ಅಂಗಳಗಳಲ್ಲಿ ಹಂಚಿಹೋಗಿರುತ್ತದೆ. ಬೇರೆಯವರು ಕೊಡಲಿ, ಯಂತ್ರ ಬಂದ ಮೇಲೆ ನಾನು ಕರೆಸಿಕೊಳ್ಳುತ್ತೇನೆ ಅಂತ ಕೂರುವುದು ಯಾರಿಗಾದರೂ ಸುಲಭ. ಅದಕ್ಕೆ ಮೊದಲೇ ದೊಡ್ಡ ಮೊತ್ತ ಕೇಳುವ ಬದಲು ಸುಲಿದ ಪ್ರತಿ ಕ್ವಿಂಟಲ್‌ಗೆ ಇಷ್ಟು ರಾಯಲ್ಟಿ ಅಂತ ಒಪ್ಪಂದ ಮಾಡಿಕೊಳ್ಳಿ. ಕ್ವಿಂಟಲ್‌ಗೆ 200 ಅಂತ ಇಟ್ಟರೆ ದರ 600, ಕೆಲಸ 400 ಕ್ವಿಂಟಲ್, ನಿಮಗೆ ಅದೇ 80,000 ಬರುತ್ತದೆ. 150ಕ್ಕೆ ಇಳಿಸಿದರೆ ದರ 550, ಕೆಲಸ 450 ಕ್ವಿಂಟಲ್, ನಿಮಗೆ 67,500. ಈ ಎರಡರ ನಡುವೆ ಎಲ್ಲಿ ನಿಲ್ಲಬೇಕು ಅನ್ನುವುದು ನಿಮಗೂ ಸಂಘಕ್ಕೂ ಬಿಟ್ಟದ್ದು. ಮಾತುಕತೆಗೆ ಹೋಗುವ ಮೊದಲು ಅರ್ಜಿಯ ದಿನಾಂಕ ಮಾತ್ರ ನಿಮ್ಮ ಕೈಯಲ್ಲಿ ಇರಲಿ.